ಅಜ್ಜಿಯನ್ನು ವಿಡಿಯೊ ಮಾಡುವುದು ಹೇಗೆ? ಮೊದಲು ಉಂಡೆ ಕಟ್ಟಲು ಕೊಡಿ

ಅಕ್ಕನ ಮಗನಿಗೆ ಕಾಲೇಜಿನಲ್ಲಿ ಮೂರು ನಿಮಿಷದ ವಿಡಿಯೊ ಪ್ರಾಜೆಕ್ಟ್ ಕೊಟ್ಟಿದ್ದರು. ಅವನ ಮೊದಲ ವಿಡಿಯೊ. ವಿಷಯ, ಅಮ್ಮಮ್ಮ ಮಾಡುವ ಹಲಸಿನಕಾಯಿ ಹಪ್ಪಳ. ಮೊದಲ ದಿನ ನಮ್ಮಮ್ಮ ರೇಷ್ಮೆ ಸೀರೆ ಉಟ್ಟು, ಪಾಸ್‌ಪೋರ್ಟ್ ಫೋಟೊಗೆ ಕೂತ ಹಾಗೆ ಕುರ್ಚಿಯಲ್ಲಿ ಕೂತರು. ಇವನು "ಆಕ್ಷನ್" ಅಂದ. ಅಮ್ಮ "ಎಲ್ಲರಿಗೂ ನಮಸ್ಕಾರ" ಅಂದವರು ಅಲ್ಲಿಗೇ ನಿಂತರು. ಎಂಟು ಸಲ ತೆಗೆದರೂ ಅಷ್ಟೇ. ಒಂಬತ್ತನೇ ಸಲ ಯಾರದೋ ಕರೆ ಬಂದು ರೆಕಾರ್ಡಿಂಗೇ ನಿಂತುಹೋಯಿತು.

ಹಾಗಾಗಿ ಮೊದಲ ಕೆಲಸ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಿಂದಿನ ಕ್ಯಾಮೆರಾದ ಗಾಜು ಒರೆಸಿ. ಬೆಳಕಿಗೆ ಜಗಲಿ ಸಾಕು. ಮುಖಕ್ಕೆ ಪಕ್ಕದಿಂದ ಬೆಳಕು ಬೀಳಬೇಕು, ಟ್ಯೂಬ್‌ಲೈಟ್ ಆರಿಸಿ. ಪರದೆಯಲ್ಲಿ ಅಜ್ಜಿಯ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಲವು ಫೋನ್‌ಗಳಲ್ಲಿ AE/AF LOCK ಅಂತ ಬರುತ್ತದೆ, ಕೆಲವದರಲ್ಲಿ ಸುಮ್ನೆ ಬೀಗದ ಚಿತ್ರ. ಇದನ್ನು ಮಾಡದಿದ್ದರೆ ಅಜ್ಜಿ ಬಗ್ಗಿ ಎದ್ದಾಗಲೆಲ್ಲ ಚಿತ್ರ ಕಪ್ಪಾಗಿ ಬೆಳ್ಳಗಾಗುತ್ತಿರುತ್ತದೆ. ಬ್ಯೂಟಿ ಫಿಲ್ಟರ್ ಮಾತ್ರ ಬೇಡವೇ ಬೇಡ. ಸುಕ್ಕು ಹೋದರೆ ಅದು ನಿಮ್ಮ ಅಜ್ಜಿಯಲ್ಲ.

ಎಲ್ಲರೂ ಎಡವುವುದು ಮಾತಾಡಿಸುವಲ್ಲಿ. "ಕ್ಯಾಮೆರಾ ನೋಡಿ ಮಾತಾಡಿ" ಅಂದರೆ ಅಜ್ಜಿ ಕಲ್ಲಾಗುತ್ತಾರೆ. ಅವರಿಗೆ ಮಾತಾಡಲು ಮನುಷ್ಯರ ಮುಖ ಬೇಕು, ಕೈಗೆ ಕೆಲಸ ಬೇಕು. ಎರಡನೇ ದಿನ ನಾನು ಅಮ್ಮನನ್ನು ದಿನವೂ ಉಡುವ ಸೀರೆಯಲ್ಲೇ ನೆಲದಲ್ಲಿ ಕೂರಿಸಿದೆ. ಫೋನನ್ನು ಅವರ ಕಣ್ಣಿನ ಮಟ್ಟಕ್ಕೆ, ಒಂದು ಸ್ಟೂಲಿನ ಮೇಲೆ ನಿಲ್ಲಿಸಿದೆ. ಹುಡುಗ ಫೋನಿಗೆ ಅಂಟಿಕೊಂಡು ಪಕ್ಕದಲ್ಲೇ ಕೂತ. ಅಮ್ಮ ಅವನನ್ನು ನೋಡಿ ಮಾತಾಡಿದರೆ ಸಾಕು, ನೋಟ ಲೆನ್ಸಿನ ಹತ್ತಿರವೇ ಇರುತ್ತದೆ.

ಯಾವ ಕೆಲಸ ಕೊಡುತ್ತೀರಿ ಅನ್ನುವುದೂ ಮುಖ್ಯ. ಬೇಯಿಸಿದ ತೊಳೆಯನ್ನು ಒರಳಿನಲ್ಲಿ ಕುಟ್ಟುವಾಗ ಮಾತಾಡಿಸಿದರೆ ಕುಟ್ಟುವ ಸದ್ದೇ ಕೇಳಿಸುತ್ತದೆ. ಉಂಡೆ ಕಟ್ಟುವುದಕ್ಕೆ ಸದ್ದಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಉಂಡೆ ಕಟ್ಟುತ್ತ ಕೂತರೆ ಅರ್ಧ ಗಂಟೆ ಆರಾಮಾಗಿ ಹೋಗುತ್ತದೆ. ಅವರು ಕೂರುವ ಮೊದಲೇ ರೆಕಾರ್ಡಿಂಗ್ ಒತ್ತಿಬಿಡಿ. ವಿಡಿಯೊ ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿ, ಆದರೆ "ಸ್ಟಾರ್ಟ್", "ಕಟ್" ಅನ್ನಬೇಡಿ.

ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆ ಕೇಳಬೇಡಿ. "ನಿಮಗೆ ಹಪ್ಪಳ ಇಷ್ಟನಾ?" ಅಂದರೆ "ಹ್ಞೂಂ" ಅಂತ ಬರುತ್ತದೆ. ನಮ್ಮ ಹುಡುಗ "ನಿಮ್ಮತ್ತೆ ಜೊತೆ ಹಪ್ಪಳ ಮಾಡುವಾಗ ಹೇಗಿರ್ತಿತ್ತು?" ಅಂದ. "ಎಲ್ಲ ಸೇರಿ ಮಾಡ್ತಿದ್ವಪ್ಪ" ಅಂತ ಅಮ್ಮ ಮುಗಿಸಿದರು. ಅವನು ಮುಂದಿನ ಪ್ರಶ್ನೆಗೆ ಬಾಯಿ ತೆಗೆದಾಗ ನಾನು ತೊಡೆ ಚಿವುಟಿದೆ. ಉತ್ತರ ಮುಗಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಅಮ್ಮ ಇನ್ನೊಂದು ಉಂಡೆ ಕಟ್ಟಿದರು. ಆಮೇಲೆ ಮೆಲ್ಲಗೆ, "ಅತ್ತೆ ಉಂಡೆ ಎಣಿಸಿಟ್ಟು ಹೋಗ್ತಿದ್ರು. ನಾನು ಒಂದೊಂದರಿಂದ ಚೂರು ಚೂರು ಕಿತ್ತು, ಬೇರೆ ಉಂಡೆ ಕಟ್ಟಿ ತಿಂತಿದ್ದೆ. ಲೆಕ್ಕ ಸರಿ ಇರ್ತಿತ್ತು, ಹಪ್ಪಳ ಮಾತ್ರ ಸಣ್ಣ!" ಅಂದರು. ಈ ಕತೆ ನನಗೂ ಗೊತ್ತಿರಲಿಲ್ಲ.

ಧ್ವನಿಗೆ ಇನ್ನೊಂದು ಫೋನ್ ಬಳಸಿ. ರೆಕಾರ್ಡರ್ ಆ್ಯಪ್ ಹಾಕಿ, ಅಜ್ಜಿಯ ಮುಂದಿರುವ ಪಾತ್ರೆಯ ಮರೆಯಲ್ಲಿ ಇಡಿ. ಅಗ್ಗದ ವೈರ್‌ಲೆಸ್ ಮೈಕ್ ತಂದು ಸೆರಗಿಗೆ ಸಿಕ್ಕಿಸಿದರೆ ಮಾತಿಗಿಂತ ಸೀರೆಯ ಸರಸರವೇ ಜಾಸ್ತಿ. ನಾವೂ ದುಡ್ಡು ಕಳೆದುಕೊಂಡೇ ಕಲಿತದ್ದು. ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ. ಎರಡೂ ರೆಕಾರ್ಡಿಂಗನ್ನು ಹೊಂದಿಸಲು ಒಂದು ಚಪ್ಪಾಳೆ ಬೇಕು. ಅದನ್ನು ಶುರುವಿನಲ್ಲಿ ಹೊಡೆದರೆ ಅಜ್ಜಿ ಬೆಚ್ಚುತ್ತಾರೆ. ಎಲ್ಲ ಮುಗಿದ ಮೇಲೆ, ಎರಡೂ ಫೋನ್ ಓಡುತ್ತಿರುವಾಗಲೇ ಕ್ಯಾಮೆರಾದ ಮುಂದೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಎರಡೂ ಧ್ವನಿಪಟ್ಟಿಯಲ್ಲಿ ಆ ಚಪ್ಪಾಳೆಗೆ ಎದ್ದು ನಿಂತ ಗೆರೆಗಳನ್ನು ಒಂದರ ಕೆಳಗೊಂದು ತಂದು, ವಿಡಿಯೊದ ಸ್ವಂತ ಸದ್ದನ್ನು ಮ್ಯೂಟ್ ಮಾಡಿದರಾಯಿತು. ಹಾಳಾದ ಧ್ವನಿಯ ಮೇಲೆ ಕೊಳಲಿನ ಮ್ಯೂಸಿಕ್ ಸುರಿಯುವವರಿದ್ದಾರೆ. ಆಗ ಕೊಳಲೂ ಇಲ್ಲ, ಅಜ್ಜಿಯೂ ಇಲ್ಲ.

ಕೊನೆಗೆ ಬರೀ ಕೈಗಳನ್ನು ಹತ್ತಿರದಿಂದ, ಹತ್ತತ್ತು ಸೆಕೆಂಡಿನಷ್ಟು ನಾಲ್ಕೈದು ಸಲ ತೆಗೆದಿಟ್ಟುಕೊಳ್ಳಿ: ಎಣ್ಣೆ ಹಚ್ಚುವುದು, ಮಣೆಯಲ್ಲಿ ಒತ್ತುವುದು, ಚಾಪೆಯ ಮೇಲೆ ಹರಡುವುದು. ಕೆಮ್ಮು ಕತ್ತರಿಸಿದ ಕಡೆ ಚಿತ್ರ ಜಿಗಿಯುತ್ತದಲ್ವಾ, ಅಲ್ಲಿ ಇದರಿಂದ ಮುಚ್ಚಿದರೆ ಗೊತ್ತಾಗುವುದಿಲ್ಲ.

ಯಾರಿಗೂ ಕಳಿಸುವ ಮೊದಲು ಅಜ್ಜಿಗೆ ತೋರಿಸಿ, ಬೇಡ ಅಂದದ್ದನ್ನು ತೆಗೆಯಿರಿ. ಉಂಡೆ ಕದ್ದ ಕತೆ ತೆಗೆಸುತ್ತಾರೇನೋ ಅಂತ ಹುಡುಗ ಹೆದರಿದ್ದ. ಅಮ್ಮ ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ಅತ್ತೆ ಈಗ ಎಲ್ಲಿದಾರೆ, ಅದು ಇರ್ಲಿ ಬಿಡು. ಹಿಂದೆ ಹಗ್ಗದ ಮೇಲೆ ನಿಮ್ಮಜ್ಜನ ಹರಕು ಬನಿಯನ್ ಕಾಣ್ತಿದೆ ನೋಡು, ಅದನ್ನ ತೆಗಿ."