ಗಾರ್ಡನ್ ಲೀವ್ ಒಪ್ಪಿಕೊಂಡೆ, ಒಂದು ವರ್ಷದ ನಿರ್ಬಂಧ ತೆಗೆಸಿದೆ

ಮಂಗಳೂರಿನ ಗೋಡಂಬಿ ರಫ್ತು ಕಂಪನಿಯೊಂದರಲ್ಲಿ ನಾನು ಮಾರಾಟ ವಿಭಾಗದ ಮುಖ್ಯಸ್ಥನಾಗಿದ್ದೆ. ಅದೇ ವ್ಯಾಪಾರದ ಇನ್ನೊಂದು ಕಂಪನಿಯಿಂದ ಆಫರ್ ಬಂತು. ನನ್ನ ನೇಮಕಾತಿ ಪತ್ರದಲ್ಲಿ 90 ದಿನದ ನೋಟಿಸ್ ಇತ್ತು. ಆ ಅವಧಿಯಲ್ಲಿ ಕಂಪನಿ ಬಯಸಿದರೆ ನನ್ನನ್ನು ಗಾರ್ಡನ್ ಲೀವ್‌ನಲ್ಲಿ, ಅಂದರೆ ಸಂಬಳ ಕೊಡುತ್ತಲೇ ಕೆಲಸಕ್ಕೆ ಕರೆಯದೆ, ಮನೆಯಲ್ಲಿ ಕೂರಿಸಬಹುದಿತ್ತು. ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿರಲಿಲ್ಲ.

ಹಂಪನಕಟ್ಟೆಯ ವಕೀಲರೊಬ್ಬರು ಇದನ್ನು ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಇರುವುದರಿಂದ, ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧ ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನೌಕರಿಯ ಅವಧಿಯೊಳಗಿನ ನಿರ್ಬಂಧ ನಿಲ್ಲುತ್ತದೆ. 1967ರ ಗೋಲಿಕರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗಾರ್ಡನ್ ಲೀವ್‌ನಲ್ಲಿ ಆಫೀಸಿಗೆ ಹೋಗದಿದ್ದರೂ ಸಂಬಳ ಬರುತ್ತದೆ, ನೌಕರ ಅಂತಲೇ ಲೆಕ್ಕ. ಹಾಗಾಗಿ ಆ 90 ದಿನ ಬೇರೆಯವರಿಗೆ ಕೆಲಸ ಮಾಡುವಂತಿಲ್ಲ.

“ಹಾಗಾದ್ರೆ ಒಂದು ವರ್ಷದ್ದನ್ನು ಸುಮ್ನೆ ಬಿಡಬಹುದಾ ಸರ್?” ಎಂದೆ.

“ಬೇಡ. ಅವರು ಹೊಸ ಕಂಪನಿಗೆ ಒಂದು ಲೀಗಲ್ ನೋಟಿಸ್ ಕಳಿಸಿದ್ರೆ ಸಾಕು, ನಿಮ್ಮ ಆಫರ್ ಅಲ್ಲೇ ನಿಂತುಬಿಡಬಹುದು. ಬರೆಸಿಕೊಂಡೇ ಹೊರಡಿ.”

ರಾಜೀನಾಮೆ ಪತ್ರವನ್ನು ಚಿಕ್ಕದಾಗಿಯೇ ಇಟ್ಟೆ. ಜನವರಿ 1ರಿಂದ ನೋಟಿಸ್, ಮಾರ್ಚ್ 31 ಕೊನೆಯ ದಿನ, ಅಷ್ಟೇ. ಷರತ್ತುಗಳ ಮಾತಿಗೆ ಬೇರೆ ಮೇಲ್. ಎಚ್‌ಆರ್‌ನವರು ಫೋನಿನಲ್ಲೇ ಮುಗಿಸಲು ನೋಡುತ್ತಿದ್ದರು. ಪ್ರತಿ ಫೋನ್ ಆದ ಮೇಲೆ ಅದೇ ಸಂಜೆ “ಇವತ್ತು ಮಾತಾಡಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ” ಎಂದು ಬರೆದು ಕಳಿಸುತ್ತಿದ್ದೆ.

ಜಾಸ್ತಿ ಎಳೆದಾಡಿದ್ದು ಇನ್ಸೆಂಟಿವ್ ವಿಷಯ. ಮಾರ್ಚ್ 31ಕ್ಕೆ ನೋಟಿಸ್‌ನಲ್ಲಿರುವವರಿಗೆ ವರ್ಷದ ಇನ್ಸೆಂಟಿವ್ ಇಲ್ಲ ಎಂದು ಪಾಲಿಸಿಯಲ್ಲಿತ್ತು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಮಾರಾಟ ನಾನು ಮಾಡಿಯಾಗಿತ್ತಲ್ವಾ? ಆ ಒಂಬತ್ತು ತಿಂಗಳ ಪಾಲನ್ನಾದರೂ ಕೊಡಬೇಕು ಎಂದು ಕೇಳಿದೆ. ಒಪ್ಪಿದರು. ಗಾರ್ಡನ್ ಲೀವ್‌ಗೆ ನಾನು ಒಪ್ಪಿಕೊಂಡೆ; ಪೂರ್ತಿ ಸಂಬಳ, ಪಿಎಫ್, ಮನೆಯವರ ಆರೋಗ್ಯ ವಿಮೆ ಮಾರ್ಚ್ 31ರವರೆಗೆ ಇರುತ್ತದೆ ಎಂದೂ ಬರೆಸಿದೆ.

ಇನ್ನು ನಿರ್ಬಂಧ. ಕಂಪನಿಯ ನಿಜವಾದ ಭಯ ಖರೀದಿದಾರರು ನನ್ನ ಹಿಂದೆ ಬಂದಾರು ಎಂಬುದು. ಅದು ನ್ಯಾಯವಾದ ಭಯವೇ. ಹಾಗಾಗಿ ಒಂದು ವರ್ಷದ ನಿರ್ಬಂಧ ತೆಗೆಯಿರಿ, ಬದಲಿಗೆ ನಾನೇ ನೋಡಿಕೊಳ್ಳುತ್ತಿದ್ದ ಖರೀದಿದಾರರನ್ನು ಆರು ತಿಂಗಳು ನಾನಾಗಿ ಸಂಪರ್ಕಿಸುವುದಿಲ್ಲ ಎಂದೆ. ‘ಎಲ್ಲ ಗ್ರಾಹಕರು’ ಎಂದು ಬರೆಯಲು ಬಿಡಲಿಲ್ಲ, ಹೆಸರುಗಳ ಪಟ್ಟಿಯನ್ನೇ ಪತ್ರಕ್ಕೆ ಲಗತ್ತಿಸಿದೆವು. ಬೆಲೆ, ಗುತ್ತಿಗೆ ವಿವರಗಳ ಗೋಪ್ಯತೆಯ ಷರತ್ತನ್ನು ಹಾಗೆಯೇ ಒಪ್ಪಿಕೊಂಡೆ. ಅದು ಕೆಲಸ ಬಿಟ್ಟ ಮೇಲೂ ಅನ್ವಯಿಸುತ್ತದೆ.

ಕೊನೆಯ ಲೆಕ್ಕ ಚುಕ್ತಾ ಮಾಡುವ ಫಾರ್ಮಿನಲ್ಲಿ “ನೇಮಕಾತಿ ಪತ್ರದ ಎಲ್ಲ ಷರತ್ತುಗಳು ಮುಂದುವರಿಯುತ್ತವೆ” ಎಂಬ ಅಚ್ಚಾದ ಸಾಲು ಇತ್ತು. ಅದಕ್ಕೆ ಸಹಿ ಹಾಕಿದ್ದರೆ ತೆಗೆಸಿದ್ದ ನಿರ್ಬಂಧ ಮತ್ತೆ ಒಳಗೆ ಬರುತ್ತಿತ್ತು. “ನಂತರದ ಲಿಖಿತ ಒಪ್ಪಂದಕ್ಕೆ ಒಳಪಟ್ಟು” ಎಂದು ಸೇರಿಸಿ, ಎರಡೂ ಕಡೆಯವರು ಪಕ್ಕದಲ್ಲಿ ಸಹಿ ಹಾಕಿದ ಮೇಲೆಯೇ ರಿಲೀವಿಂಗ್ ಲೆಟರ್ ತೆಗೆದುಕೊಂಡೆ.