ಸ್ಲೈಡ್‌ನಲ್ಲಿರುವ ಅಂಕಿ ಹಿಡಿದು ಪ್ರಶ್ನೆ ಕೇಳುವುದು: ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ ಎಂಜಿನಿಯರ್. ಕಾನ್ಫರೆನ್ಸ್‌ಗೆ ಹೋದರೆ ಪ್ರಶ್ನೆ ಕೇಳದೆ ವಾಪಸ್ ಬರುವುದು ಕಡಿಮೆ. "ಯಾರಿಗಾದ್ರೂ ಪ್ರಶ್ನೆ ಇದೆಯಾ?" ಅಂದಾಗ ಯೋಚಿಸಲು ಶುರು ಮಾಡಿದರೆ ಏನೂ ಹೊಳೆಯುವುದಿಲ್ಲ. ಹಾಗಾಗಿ ಮಾತು ನಡೆಯುವಾಗಲೇ ಪರದೆ ಮೇಲಿನ ಒಂದು ಅಂಕಿ ಬರೆದುಕೊಳ್ಳುತ್ತೇನೆ. ಯಾವ ಪರಿಸ್ಥಿತಿಯಲ್ಲಿ ಅದು ಕೈಕೊಡುತ್ತದೆ ಅಂತ ಪಕ್ಕದಲ್ಲೇ ಲೆಕ್ಕ ಹಾಕುತ್ತೇನೆ.

ಒಂದು ಉದಾಹರಣೆ ಹೇಳುತ್ತೇನೆ. ವಿಷಯ ಕ್ಯಾಶಿಂಗ್. ಜನ ಪದೇ ಪದೇ ಕೇಳುವ ಮಾಹಿತಿಯನ್ನು ಪ್ರತಿ ಸಲ ಡೇಟಾಬೇಸ್‌ನಿಂದ ತರುವ ಬದಲು ಮೆಮೊರಿಯಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಕೊಡುವ ಏರ್ಪಾಡು ಅದು. ನೂರು ರಿಕ್ವೆಸ್ಟ್‌ನಲ್ಲಿ 95ಕ್ಕೆ ಕ್ಯಾಶ್‌ನಿಂದಲೇ ಉತ್ತರ ಹೋಗುತ್ತಿದೆ, ಅದಕ್ಕೇ ಡೇಟಾಬೇಸ್ ಸರ್ವರನ್ನು ಚಿಕ್ಕದು ಮಾಡಿ ಖರ್ಚು ಉಳಿಸಿದ್ದೇವೆ ಅಂದರು ಸ್ಪೀಕರ್. ಚಪ್ಪಾಳೆ ಬಿತ್ತು.

ನಾನು 95ರ ಪಕ್ಕದಲ್ಲಿ 5 ಅಂತ ಬರೆದೆ. ಡೇಟಾಬೇಸ್‌ವರೆಗೆ ಹೋಗುವುದು ಅಷ್ಟೇ ತಾನೆ. ಈಗ 95 ಇದ್ದದ್ದು 90ಕ್ಕೆ ಇಳಿಯಿತು ಅಂದುಕೊಳ್ಳಿ. ಕೇಳಲು ಸಣ್ಣ ಇಳಿತ. ಆದರೆ ಡೇಟಾಬೇಸ್‌ಗೆ 5ರ ಜಾಗದಲ್ಲಿ 10 ಬರುತ್ತದೆ, ಅಂದರೆ ಲೋಡ್ ದುಪ್ಪಟ್ಟು. ಕ್ಯಾಶ್ ರೀಸ್ಟಾರ್ಟ್ ಆಗಿ ಪೂರ್ತಿ ಖಾಲಿಯಾದರೆ ನೂರಕ್ಕೆ ನೂರೂ ಅಲ್ಲಿಗೇ ಹೋಗುತ್ತವೆ. ಲೋಡ್ 20 ಪಟ್ಟು, ಅದೂ ಈಗಷ್ಟೇ ಚಿಕ್ಕದು ಮಾಡಿದ ಸರ್ವರ್ ಮೇಲೆ!

ಇದನ್ನೇ "ಕ್ಯಾಶ್ ಡೌನ್ ಆದ್ರೆ ಏನ್ಮಾಡ್ತೀರಾ?" ಅಂತ ಕೇಳಬಹುದಿತ್ತು. ಹಾಗೆ ಕೇಳಿದರೆ "ಬ್ಯಾಕಪ್ ಇದೆ" ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಕಥೆ ಮುಗಿಯುತ್ತದೆ. ನಾನು ಕೇಳಿದ್ದು ಹೀಗೆ: "ನಾನು ಪೇಮೆಂಟ್ ಸಿಸ್ಟಮ್ ಮೇಲೆ ಕೆಲಸ ಮಾಡ್ತೀನಿ. ನಿಮ್ಮ 95 ಶೇಕಡಾ ನಂಬಿ ಡೇಟಾಬೇಸ್ ಚಿಕ್ಕದು ಮಾಡಿದ್ದೀರಿ. ಹಬ್ಬದ ಸೇಲ್ ಮಧ್ಯೆ ಕ್ಯಾಶ್ ಖಾಲಿಯಾದ್ರೆ ಅದಕ್ಕೆ 20 ಪಟ್ಟು ಲೋಡ್ ಬರುತ್ತೆ. ಕ್ಯಾಶ್ ಮತ್ತೆ ತುಂಬೋವರೆಗೆ ಡೇಟಾಬೇಸನ್ನ ಹೇಗೆ ಉಳಿಸಿಕೊಳ್ತೀರಿ?"

ಸ್ಪೀಕರ್ ನಕ್ಕರು. ಆಮೇಲೆ ಸ್ಲೈಡ್‌ನಲ್ಲಿ ಇಲ್ಲದ ವಿಷಯ ಹೊರಗೆ ಬಂತು. ಹೆಚ್ಚು ಓಡುವ ಐಟಂಗಳನ್ನು ಮೊದಲೇ ಕ್ಯಾಶ್‌ಗೆ ತುಂಬಿಸಿ, ಆಮೇಲಷ್ಟೇ ಟ್ರಾಫಿಕ್ ಬಿಡುತ್ತಾರಂತೆ. ಒಂದೇ ಐಟಂಗೆ ಸಾವಿರ ಜನ ಬಂದರೂ ಡೇಟಾಬೇಸ್‌ಗೆ ಒಂದೇ ರಿಕ್ವೆಸ್ಟ್ ಹೋಗುತ್ತದೆ, ಉಳಿದವರು ಅದೇ ಉತ್ತರಕ್ಕೆ ಕಾಯುತ್ತಾರೆ. ಮಿತಿ ಮೀರಿ ಬಂದದ್ದನ್ನು ವಾಪಸ್ ಕಳಿಸುತ್ತಾರೆ. ಪೆನ್ನು ಕೆಳಗಿಟ್ಟಿದ್ದವರು ಮತ್ತೆ ಬರೆಯತೊಡಗಿದರು.

ಅಲ್ಲಿ ಮಾತೆಲ್ಲ ಇಂಗ್ಲಿಷ್‌ನಲ್ಲಿ. ನನ್ನದು ಕನ್ನಡ ಮೀಡಿಯಂ. ಅದಕ್ಕೇ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬರೆದಿಟ್ಟುಕೊಳ್ಳುತ್ತೇನೆ. ಮಧ್ಯದ್ದು ಹೇಗೋ ಸಾಗುತ್ತದೆ. ಕೊನೆಯ ವಾಕ್ಯ ಗಟ್ಟಿ ಇದ್ದರೆ ಅಲ್ಲಿಗೆ ನಿಲ್ಲಿಸಲು ಧೈರ್ಯ ಬರುತ್ತದೆ. ಇಲ್ಲದಿದ್ದರೆ "ಅಂದ್ರೆ ನಾನು ಹೇಳೋದು ಏನಂದ್ರೆ" ಅಂತ ಎಳೆದು ಎಳೆದು ಪ್ರಶ್ನೆ ಭಾಷಣವಾಗುತ್ತದೆ. ಅಂಥವರು ಪ್ರತಿ ಹಾಲ್‌ನಲ್ಲೂ ಒಬ್ಬರಾದರೂ ಇರುತ್ತಾರೆ, ನೋಡಿರ್ತೀರಿ. ಸೀಟು ಹಿಡಿಯುವಾಗಲೇ ನಡೆದಾಡುವ ದಾರಿಯ ಪಕ್ಕ ಕೂರುತ್ತೇನೆ, ಸಾಲಿನ ಮಧ್ಯದವರಿಗೆ ಮೈಕ್ ತಲುಪುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ನನ್ನ ಪ್ರಶ್ನೆ ಬೇರೆಯವರು ಕೇಳಿಬಿಟ್ಟರೆ? ಅದಕ್ಕೆ ಬಂದ ಉತ್ತರದಲ್ಲೇ ಇನ್ನೊಂದು ಅಂಕಿ ಸಿಗುತ್ತದಾ ನೋಡುತ್ತೇನೆ. ಸಿಗದಿದ್ದರೆ ಸುಮ್ನೆ ಕೂರುತ್ತೇನೆ.

ಪ್ಯಾನೆಲ್‌ನಲ್ಲಿ ಆಟ ಬೇರೆ. ಅಲ್ಲಿ ಅಂಕಿ ಸಿಗುವುದು ಅಪರೂಪ. ನಾನು ಕಾಯುವುದು ಇಬ್ಬರ ಮಾತು ತಾಳೆಯಾಗದ ಜಾಗಕ್ಕೆ. ಒಬ್ಬರು ಎಲ್ಲವನ್ನೂ ಕ್ಲೌಡ್‌ಗೆ ಹಾಕಿ ಅಂದಿರುತ್ತಾರೆ. ಇನ್ನೊಬ್ಬರು ಅರ್ಧ ಗಂಟೆ ಬಿಟ್ಟು ಬಿಲ್ ನೋಡಿ ಸ್ವಂತ ಸರ್ವರ್‌ಗೆ ಮರಳಿದ ಕಥೆ ಹೇಳಿರುತ್ತಾರೆ. ಎರಡನೆಯವರ ಹೆಸರು ಹಿಡಿದು "ಬಿಲ್ ಎಷ್ಟಕ್ಕೆ ಬಂದಾಗ ಇವರ ಸಲಹೆ ನಿಮಗೆ ಒಗ್ಗದೇ ಹೋಯ್ತು?" ಅಂತ ಕೇಳುತ್ತೇನೆ. ಹೆಸರು ಹಿಡಿಯದೆ ಇಡೀ ಪ್ಯಾನೆಲ್‌ಗೆ ಕೇಳಿದರೆ ನಾಲ್ವರೂ ಮುಖ ಮುಖ ನೋಡಿಕೊಂಡು ಯಾರಿಗೂ ನೋವಾಗದ ಉತ್ತರ ಕೊಡುತ್ತಾರೆ.

ಪ್ರಶ್ನೆ ನಾಟಿತೋ ಇಲ್ಲವೋ ಗೊತ್ತಾಗುವುದು ಕಾಫಿ ಬ್ರೇಕ್‌ನಲ್ಲಿ. "ಆ 20 ಪಟ್ಟು ಕೇಳಿದ್ದು ನೀವೇ ಅಲ್ವಾ?" ಅಂತ ಅಪರಿಚಿತರು ಬಂದು ಮಾತಾಡಿಸುತ್ತಾರೆ. ಮುಖ, ಹೆಸರು ಮರೆತರೂ ಅಂಕಿ ನೆನಪಿರುತ್ತದೆ. ಸ್ಪೀಕರ್ ಸುತ್ತ ಗುಂಪು ಕರಗುವವರೆಗೆ ಕಾದು, ಅವರು ವೇದಿಕೆ ಮೇಲೆ ಅರ್ಧಕ್ಕೆ ಬಿಟ್ಟ ಒಂದು ವಿಷಯ ಮಾತ್ರ ಕೇಳುತ್ತೇನೆ. ಸಂಜೆ ಒಂದು ಮೆಸೇಜ್ ಕಳಿಸುತ್ತೇನೆ: ನನ್ನ ಪ್ರಶ್ನೆ ಯಾವುದು, ಅವರ ಉತ್ತರದಲ್ಲಿ ನಾನು ನಮ್ಮಲ್ಲಿ ಮಾಡಿ ನೋಡುವುದು ಏನು. ಎರಡೇ ಸಾಲು.

ಎಲ್ಲರಿಗೂ ಹೀಗೆ ಕೇಳುವುದಿಲ್ಲ. ಕಾಲೇಜು ಹುಡುಗರು ಮೊದಲ ಸಲ ವೇದಿಕೆ ಹತ್ತಿದ್ದರೆ ಲೆಕ್ಕದ ತೂತನ್ನು ಆಮೇಲೆ ಪಕ್ಕಕ್ಕೆ ಕರೆದು ಹೇಳುತ್ತೇನೆ. ಕಂಪನಿಯ ಗುಟ್ಟು ಬಯಲಾಗುವ ಪ್ರಶ್ನೆಯೂ ಬೇಡ. ಗ್ರಾಹಕರು ಎಷ್ಟು, ಆದಾಯ ಎಷ್ಟು ಅಂದರೆ "ಆಮೇಲೆ ಮಾತಾಡೋಣ" ಅನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ.