1383ರಲ್ಲಿ ಎದ್ದ ಗುಡ್ಡ: ಗಾಜಿನೊಳಗಿನ ನೀರನ್ನು ಹುಡುಕಿದ್ದು

ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ತಯಾರಿಸುವ ಕಾರ್ಖಾನೆಯೊಂದರ ಅಳತೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಮಾತು. ಮಳೆಗಾಲ ಶುರುವಾಗಿ ಎರಡು ವಾರವಾಗಿತ್ತು. 1310 ನ್ಯಾನೊಮೀಟರ್ ತರಂಗಾಂತರದಲ್ಲಿ ಕಿಲೋಮೀಟರಿಗೆ 0.33 ಡಿಬಿ ನಷ್ಟ ತೋರಿಸುತ್ತಿದ್ದ ನಮ್ಮ ಫೈಬರ್ ಇದ್ದಕ್ಕಿದ್ದಂತೆ 0.36 ತೋರಿಸತೊಡಗಿತು. 1550ರಲ್ಲಿ 0.19 ಇದ್ದದ್ದು 0.20 ಆಯಿತು. ಒಂದು ಸ್ಪೂಲ್ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಫೈಬರನ್ನು ಎಳೆಯುವುದು ಪ್ರಿಫಾರ್ಮ್ ಎಂಬ ದಪ್ಪ ಗಾಜಿನ ಕಡ್ಡಿಯಿಂದ. ಆದರೆ ಒಂದೇ ಲೇತಿನಿಂದ ಬಂದ ನಾಲ್ಕು ಪ್ರಿಫಾರ್ಮ್‌ಗಳ ಫೈಬರ್ ಸಾಲಾಗಿ ಹಾಗೇ ಬಂತು.

ಮೊದಲು ಒಟಿಡಿಆರ್‌ನಲ್ಲಿ ನೋಡಿದೆ. ಈ ಯಂತ್ರ ಫೈಬರಿನೊಳಕ್ಕೆ ಬೆಳಕಿನ ಮಿಡಿತ ಕಳಿಸಿ, ದಾರಿಯುದ್ದಕ್ಕೂ ಚದುರಿ ಹಿಂದಕ್ಕೆ ಬರುವ ಚೂರು ಬೆಳಕನ್ನು ಅಳೆಯುತ್ತದೆ. ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿತ್ತು. ಎಲ್ಲೂ ಮೆಟ್ಟಿಲಿಲ್ಲ, ಎಲ್ಲೂ ಬಾಗಿಲ್ಲ. ಅಂದರೆ ನಷ್ಟ ಯಾವುದೋ ಒಂದು ಜಾಗದ ದೋಷವಲ್ಲ, ಇಡೀ ಗಾಜಿನಲ್ಲೇ ಹರಡಿಕೊಂಡಿದೆ. ಏಕೆ ಎಂಬುದನ್ನು ಒಟಿಡಿಆರ್ ಹೇಳಲಾರದು. ಎರಡು ಮೂರು ತರಂಗಾಂತರಗಳಲ್ಲಷ್ಟೇ ಅದಕ್ಕೆ ಕಣ್ಣಿರುತ್ತದೆ. ನಷ್ಟದ ಕಾರಣ ತಿಳಿಯಬೇಕಾದರೆ ಬೇರೆ ಬೇರೆ ತರಂಗಾಂತರಗಳಲ್ಲಿ ಅದು ಹೇಗೆ ಏರಿಳಿಯುತ್ತದೆ ಎಂದು ನೋಡಬೇಕು. ಅದಕ್ಕೆ ಹಳೆಯ, ನಿಧಾನದ, ಆದರೆ ನಾನು ಇವತ್ತಿಗೂ ಹೆಚ್ಚು ನಂಬುವ ದಾರಿ ಕಟ್-ಬ್ಯಾಕ್.

ಹ್ಯಾಲೊಜೆನ್ ದೀಪದ ಬೆಳಕನ್ನು ಮಾನೋಕ್ರೊಮೇಟರ್‌ನಿಂದ ಒಂದೊಂದೇ ತರಂಗಾಂತರಕ್ಕೆ ಸೋಸಿ 10 ಕಿಲೋಮೀಟರ್ ಫೈಬರಿನ ಒಂದು ತುದಿಗೆ ಹಾಯಿಸುತ್ತೇವೆ. ಇನ್ನೊಂದು ತುದಿಯಲ್ಲಿ ಎಷ್ಟು ಬೆಳಕು ಬಂತೆಂದು ಬರೆದುಕೊಳ್ಳುತ್ತೇವೆ, ಅದು P2. ಆಮೇಲೆ ದೀಪದ ಕಡೆಯ ತುದಿಯನ್ನು ಮುಟ್ಟದೆ, ಅಲ್ಲಿಂದ ಎರಡು ಮೀಟರ್ ಬಿಟ್ಟು ಫೈಬರನ್ನು ಕತ್ತರಿಸಿ, ಆ ತುಂಡಿನ ತುದಿಯಲ್ಲಿ ಮತ್ತೆ ಅಳೆಯುತ್ತೇವೆ, ಅದು P1. ಎರಡರ ಅನುಪಾತವೇ ಗಾಜು ತಿಂದ ಬೆಳಕಿನ ಲೆಕ್ಕ. ಇಲ್ಲಿ α ಕಿಲೋಮೀಟರಿಗೆ ಆಗುವ ನಷ್ಟ, L ಕಿಲೋಮೀಟರಿನಲ್ಲಿ ಫೈಬರಿನ ಉದ್ದ:

```
α = (10 / L) · log10(P1 / P2)
```

ಇಲ್ಲಿ ಕೈತಪ್ಪುವುದು ಒಂದೇ ಕಡೆ: ದೀಪದ ಕಡೆಯ ತುದಿ ಕೂದಲೆಳೆಯಷ್ಟು ಅಲುಗಿದರೂ ಒಳಹೋಗುವ ಬೆಳಕು ಬದಲಾಗಿ ಲೆಕ್ಕ ಹಾಳಾಗುತ್ತದೆ. ಹಾಗಾಗಿ ಹೊರಬರುವ ತುದಿಯನ್ನು ಮೂರು ಸಲ ಹೊಸದಾಗಿ ಕತ್ತರಿಸಿ ಮೂರು ಸಲ ಅಳೆಯುತ್ತಿದ್ದೆ. ಮೂರೂ 0.05 ಡಿಬಿ ಒಳಗೆ ಹೊಂದಿದರೆ, 10 ಕಿಲೋಮೀಟರಿಗೆ ಹಂಚಿದಾಗ ತಪ್ಪು ಕಿಲೋಮೀಟರಿಗೆ 0.005 ಡಿಬಿ ಮಾತ್ರ. ಉದ್ದದ ಫೈಬರ್ ಬೇಕು ಎಂದು ಹಟ ಹಿಡಿಯುತ್ತಿದ್ದದ್ದು ಇದಕ್ಕೇ.

1280ರಿಂದ 1600 ನ್ಯಾನೊಮೀಟರ್‌ವರೆಗೆ ಅಳೆದು ಗ್ರಾಫ್ ಬರೆದಾಗ ನಡುವೆ ಗುಡ್ಡವೊಂದು ಎದ್ದು ನಿಂತಿತ್ತು. ಅದರ ತುದಿ ಸರಿಯಾಗಿ 1383ರಲ್ಲಿ, ಎತ್ತರ ಕಿಲೋಮೀಟರಿಗೆ 1.25 ಡಿಬಿ. ಈ ಅಂಕಿ ಫೈಬರ್ ಮಾಡುವವರಿಗೆಲ್ಲ ಗೊತ್ತು. ಗಾಜಿನ ಸಿಲಿಕಾನಿಗೆ ಅಂಟಿಕೊಂಡ ಹೈಡ್ರಾಕ್ಸಿಲ್, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, 2.73 ಮೈಕ್ರೊಮೀಟರ್ ತರಂಗಾಂತರದ ಬೆಳಕನ್ನು ಬಲವಾಗಿ ಹೀರಿ ಕಂಪಿಸುತ್ತದೆ. ತಂತಿಯೊಂದನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಮೇಲಿನ ಅನುಸ್ವರಗಳೂ ಹುಟ್ಟುವಂತೆ, ಆ ಕಂಪನದ ಮೊದಲ ಅನುಸ್ವರ ಬೀಳುವುದು 1383ರಲ್ಲಿ. ನಮ್ಮ ಗಾಜಿನೊಳಗೆ ನೀರಿನ ಅಂಶ ಹೊಕ್ಕಿತ್ತು.

ಎಷ್ಟು ನೀರು? ಇದಕ್ಕೆ ಮೊದಲು ಚದುರುವಿಕೆಯ ಪಾಲನ್ನು ಬೇರೆ ಮಾಡಬೇಕು. ಗಾಜು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಒಂದಷ್ಟು ಬೆಳಕು ಚದುರಿಯೇ ತೀರುತ್ತದೆ. ಕುದಿ ಬಂದ ಹಾಗೆ ಅಲ್ಲಾಡುತ್ತಿದ್ದ ಅಣುಗಳು ಗಾಜು ಗಟ್ಟಿಯಾಗುವ ಹೊತ್ತಿಗೆ ಇದ್ದಲ್ಲೇ ನಿಂತುಬಿಡುತ್ತವೆ. ಒಂದು ಕಡೆ ಕೊಂಚ ಒತ್ತೊತ್ತು, ಪಕ್ಕದಲ್ಲೇ ಕೊಂಚ ವಿರಳ. ತರಂಗಾಂತರಕ್ಕಿಂತ ತೀರಾ ಸಣ್ಣದಾದ ಈ ಏರುಪೇರಿಗೆ ಬೆಳಕು ತಾಕಿ ಸುತ್ತಲೂ ಹರಡುತ್ತದೆ. ಇದೇ ರೇಲಿ ಚದುರುವಿಕೆ, ಆಕಾಶವನ್ನು ನೀಲಿ ಮಾಡುವುದೂ ಇದೇ. ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುವುದು ಅದರ ಗುರುತು. ಹಾಗಾಗಿ ಅಡ್ಡ ಅಕ್ಷದಲ್ಲಿ 1/λ⁴, ನೆಟ್ಟ ಅಕ್ಷದಲ್ಲಿ ನಷ್ಟ ಇಟ್ಟರೆ ಚದುರುವಿಕೆ ಒಂದು ನೇರ ಗೆರೆಯಾಗುತ್ತದೆ. ಗೆರೆ ಬಿಟ್ಟು ಮೇಲೆದ್ದದ್ದೆಲ್ಲ ಹೀರಿಕೆ.

ನಮ್ಮ ಹಳೆಯ ಒಳ್ಳೆಯ ಸ್ಪೂಲಿನ ಎರಡು ಬಿಂದುಗಳನ್ನು ತೆಗೆದುಕೊಂಡೆ. λ ಮೈಕ್ರೊಮೀಟರಿನಲ್ಲಿದ್ದರೆ 1/λ⁴ ಬೆಲೆ 1310ಕ್ಕೆ 0.340, 1550ಕ್ಕೆ 0.173. ನಷ್ಟದ ವ್ಯತ್ಯಾಸ 0.14. ಇಳಿಜಾರು ಸುಮಾರು 0.84 ಬಂತು. ಬೆಳಕು ಹರಿಯುವ ನಡುಭಾಗಕ್ಕೆ, ಅಂದರೆ ತಿರುಳಿಗೆ, ಜರ್ಮೇನಿಯಂ ಬೆರೆಸಿದ ಫೈಬರಿಗೆ ಇದು ಸಹಜವಾದ ಬೆಲೆ. ಗೆರೆ ಅಕ್ಷವನ್ನು ಮುಟ್ಟುವಲ್ಲಿ 0.045 ಉಳಿಯಿತು. ಅದು ತಿರುಳು-ಹೊದಿಕೆಗಳ ಅಂಚಿನ ಒರಟು, ಸೂಕ್ಷ್ಮ ಬಾಗುಗಳು ಇತ್ಯಾದಿಗಳ ಪಾಲು. ಇದೇ ಗೆರೆಯಂತೆ 1383ರಲ್ಲಿ ಇರಬೇಕಾದ ನಷ್ಟ:

```
0.84 / (1.383)^4 + 0.045 ≈ 0.275 dB/km
1.25 − 0.275 ≈ 0.98 dB/km
```

0.98 ಪೂರ್ತಿ ಹೈಡ್ರಾಕ್ಸಿಲ್‌ನದು. ಹತ್ತು ಲಕ್ಷದಲ್ಲಿ ಒಂದು ಪಾಲು ಹೈಡ್ರಾಕ್ಸಿಲ್ ಇದ್ದರೆ 1383ರಲ್ಲಿ ಕಿಲೋಮೀಟರಿಗೆ ಸುಮಾರು 60 ಡಿಬಿ ಎಂದು ನಾವು ಲೆಕ್ಕ ಹಿಡಿಯುತ್ತಿದ್ದೆವು. ಹಾಗೆ ನೋಡಿದರೆ ನಮ್ಮ ಗಾಜಿನಲ್ಲಿದ್ದದ್ದು ನೂರು ಕೋಟಿಯಲ್ಲಿ 16 ಪಾಲು. ಸಾವಿರ ಟನ್ ಗಾಜಿನಲ್ಲಿ 16 ಗ್ರಾಂ. ಈ ಸಾಸಿವೆಯಷ್ಟರ ಅಂಶ ಮಾಡಿದ ಕೆಲಸ ನೋಡಿ: ಸರಿಯಾದ ಫೈಬರಿನಲ್ಲಿ 10 ಕಿಲೋಮೀಟರ್ ದಾಟಿದ ಮೇಲೆ ಆ ತರಂಗಾಂತರದ ಬೆಳಕು ಅರ್ಧಕ್ಕಿಂತ ತುಸು ಹೆಚ್ಚೇ ಉಳಿಯಬೇಕು. ಇದರಲ್ಲಿ ಉಳಿದದ್ದು ಶೇಕಡಾ 6ಕ್ಕಿಂತ ಕಡಿಮೆ. ಗುಡ್ಡದ ಬಾಲ 1310ರವರೆಗೂ ಚಾಚಿಕೊಂಡಿದ್ದರಿಂದಲೇ ಅಲ್ಲೂ 0.03 ಏರಿತ್ತು.

ನೀರು ಬಂದ ದಾರಿ ಹುಡುಕುವಾಗ ನಾನು ಮೊದಲು ತಪ್ಪು ಕಡೆ ಹೋದೆ. ಕಚ್ಚಾ ವಸ್ತುವಿನ ಮೇಲೆ ಗುಮಾನಿ ಪಟ್ಟೆ. ನಮ್ಮದು ಎಂಸಿವಿಡಿ ವಿಧಾನ. ಲೇತಿನ ಮೇಲೆ ತಿರುಗುವ ಸಿಲಿಕಾ ಕೊಳವೆಯೊಳಕ್ಕೆ ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿಯನ್ನು ಆಕ್ಸಿಜನ್ ಜೊತೆ ಹಾಯಿಸಿ, ಹೊರಗಿನಿಂದ ಬರ್ನರ್ ಓಡಿಸಿದರೆ, ಒಳಗೋಡೆಯ ಮೇಲೆ ಪದರ ಪದರವಾಗಿ ಹೊಸ ಗಾಜು ಕೂರುತ್ತದೆ. ಟೆಟ್ರಾಕ್ಲೋರೈಡ್‌ನಲ್ಲಿ ಹೈಡ್ರೋಜನ್ ಇರುವ ಟ್ರೈಕ್ಲೋರೊಸಿಲೇನ್ ಬೆರೆತಿದ್ದರೆ ಅದೇ ಹೈಡ್ರಾಕ್ಸಿಲ್ ಆಗುತ್ತದೆ. ಹಾಗಾಗಿ ಡ್ರಮ್ ಬದಲಿಸಿದೆ. ವಾರ ಕಳೆಯಿತು, ಗುಡ್ಡ ಇದ್ದಲ್ಲೇ ಇತ್ತು. ಅದೇ ಡ್ರಮ್ಮಿನಿಂದ ಪಕ್ಕದ ಲೇತಿನಲ್ಲಿ ಮಾಡಿದ ಪ್ರಿಫಾರ್ಮ್ ಚೆನ್ನಾಗಿಯೇ ಬಂದಿತ್ತು. ಅದನ್ನು ಮೊದಲೇ ನೋಡಿದ್ದರೆ ಆ ವಾರ ಉಳಿಯುತ್ತಿತ್ತು.

ಕಬ್ಬಿಣ, ತಾಮ್ರದಂಥ ಲೋಹಗಳ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೂ ಕಾರಣವಿದೆ. ಕಿಟಕಿ ಗಾಜನ್ನು ಅಂಚಿನಿಂದ ನೋಡಿದರೆ ಹಸಿರಾಗಿ ಕಾಣುವುದು ಅದರೊಳಗಿನ ಕಬ್ಬಿಣದಿಂದ. 1966ರಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಗಾಜಿನ ಎಳೆಯಲ್ಲಿ ದೂರಕ್ಕೆ ಮಾತು ಕಳಿಸಬಹುದು ಎಂದು ಬರೆದಾಗ, ಆಗಿನ ಗಾಜುಗಳ ನಷ್ಟ ಕಿಲೋಮೀಟರಿಗೆ ಸಾವಿರ ಡಿಬಿಯಷ್ಟು. ಹತ್ತು ಮೀಟರ್ ಹೋಗುವಷ್ಟರಲ್ಲಿ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುತ್ತಿತ್ತು. ದೋಷ ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು. 20 ಡಿಬಿಗೆ ಇಳಿಸಿದರೆ ಸಾಕು ಎಂಬುದು ಅವರ ವಾದ. 1970ರಲ್ಲಿ ಅಮೆರಿಕದ ಕಾರ್ನಿಂಗ್‌ನಲ್ಲಿ ಮೌರರ್, ಕೆಕ್, ಶುಲ್ಟ್ಸ್ 17 ಡಿಬಿ ಮುಟ್ಟಿದರು. ಅವರು ಮರಳು ಕರಗಿಸಲಿಲ್ಲ, ಆವಿಯಿಂದ ಗಾಜು ಮಾಡಿದರು. ಗುಟ್ಟು ಅಲ್ಲಿದೆ. ಸಿಲಿಕಾನ್ ಟೆಟ್ರಾಕ್ಲೋರೈಡ್ 58 ಡಿಗ್ರಿಗೆಲ್ಲ ಕುದಿಯುತ್ತದೆ, ಕಬ್ಬಿಣದ ಕ್ಲೋರೈಡ್‌ಗೆ 300 ಡಿಗ್ರಿ ದಾಟಬೇಕು. ಈ ದ್ರವವನ್ನು ಆವಿ ಮಾಡುವ ಪಾತ್ರೆಯಾದ ಬಬ್ಲರ್‌ನ ಹದ ಬಿಸಿಯಲ್ಲಿ ಸಿಲಿಕಾನ್ ಆವಿಯಾಗಿ ಹೊರಟರೆ ಕಬ್ಬಿಣ ತಳದಲ್ಲೇ ಉಳಿಯುತ್ತದೆ. ಲೋಹ ಹೀಗೆ ತಾನಾಗಿ ಹಿಂದುಳಿಯುತ್ತದೆ. ನೀರಿಗೆ ಅಂಥ ತಡೆಯಿಲ್ಲ, ಅದು ಸುತ್ತಲ ಗಾಳಿಯಲ್ಲೇ ಇದೆ.

ಹೊರಗಿನ ಹೈಡ್ರೋಜನ್ ಆಮೇಲೆ ನುಸುಳಿರಬಹುದೇ ಎಂದೂ ನೋಡಿದೆ. ಬಿಡಿ ಹೈಡ್ರೋಜನ್ ಅಣು ಗಾಜಿನೊಳಗಿದ್ದರೆ 1240ರ ಸುಮಾರಿಗೆ ಗುಡ್ಡ ಏಳುತ್ತದೆ. ಆ ಕಡೆಗೂ ಅಳೆದು ನೋಡಿದೆ, ಅಲ್ಲಿ ಅಂಥದ್ದೇನೂ ಇರಲಿಲ್ಲ. ಅಂದರೆ ನೀರು ಗಾಜು ಆಗುವಾಗಲೇ ಸೇರಿದೆ.

ಸುಳಿವು ಕೊಟ್ಟದ್ದು ಲೇತ್ ನಡೆಸುತ್ತಿದ್ದ ಹುಡುಗ. "ಸರ್, ಜೂನ್ ಮೊದಲ ವಾರ ತಿರುಗೋ ಜಾಯಿಂಟಿನ ಸೀಲ್ ಬದಲಾಯ್ಸಿದ್ವಿ, ಅದಾದ ಮೇಲಿನ ಪ್ರಿಫಾರ್ಮ್‌ಗಳೇ ಇವೆಲ್ಲ" ಅಂದ. ನಿಂತ ಗ್ಯಾಸ್ ಪೈಪು ತಿರುಗುವ ಕೊಳವೆಗೆ ಸೇರುವ ಜಾಗ ಅದು. ನಮ್ಮ ತೇವಾಂಶದ ಮೀಟರ್ ಇದ್ದದ್ದು ಅದಕ್ಕಿಂತ ಮೊದಲು, ಬಬ್ಲರ್‌ನ ಹತ್ತಿರ. ಅದು ಎಲ್ಲ ದಿನವೂ ಒಣ ಗ್ಯಾಸನ್ನೇ ತೋರಿಸುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರುವಾಗ ಗಾಳಿ ಒಳಬರುವುದು ಹೇಗೆ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗಾಳಿಯ ಹರಿವು ಹೊರಮುಖವೇ. ಆದರೆ ನೀರಾವಿ ತನ್ನದೇ ಸಾಂದ್ರತೆಯ ಲೆಕ್ಕದಲ್ಲಿ ನಡೆಯುತ್ತದೆ. ಹೊರಗೆ ಜೂನ್ ತಿಂಗಳ ತೇವ, ಒಳಗೆ ಹೆಚ್ಚುಕಡಿಮೆ ಸೊನ್ನೆ. ಸೋರುವಿಕೆ ತೀರಾ ಸಣ್ಣದಿದ್ದಾಗ ಹೊರಮುಖದ ಹರಿವೂ ದುರ್ಬಲ, ಅದಕ್ಕೆ ಎದುರಾಗಿ ನೀರಿನ ಅಣುಗಳು ಒಳಕ್ಕೆ ಹರಡುತ್ತವೆ. ನಮಗೆ ಬೇಕಾದದ್ದೋ ನೂರು ಕೋಟಿಗೆ ಒಂದೆರಡು ಪಾಲಿನ ಶುದ್ಧಿ.

ಲೈನನ್ನು ನಿರ್ವಾತಕ್ಕೆ ಎಳೆದು, ಹೀಲಿಯಂ ಡಿಟೆಕ್ಟರ್ ಜೋಡಿಸಿ, ಹೊರಗಿನಿಂದ ಒಂದೊಂದೇ ಜೋಡಣೆಯ ಮೇಲೆ ಹೀಲಿಯಂ ಊದಿದೆವು. ನಿಂತಾಗ ಎಲ್ಲೂ ಸೋರಿಕೆಯಿಲ್ಲ. ಲೇತನ್ನು ನಿಧಾನವಾಗಿ ತಿರುಗಿಸಿದಾಗ ಸುತ್ತಿಗೊಮ್ಮೆ ಮುಳ್ಳು ಹಾರತೊಡಗಿತು. ಹೊಸ ಸೀಲ್ ಒಂದು ಬದಿಗೆ ಕೂದಲೆಳೆಯಷ್ಟು ವಾಲಿ ಕೂತಿತ್ತು. ಸರಿಯಾಗಿ ಕೂರಿಸಿ, ಜಾಯಿಂಟಿನ ಸುತ್ತ ಒಂದು ಕವಚ ಹಾಕಿ, ಅದರೊಳಗೆ ಒಣ ನೈಟ್ರೋಜನ್ ಹರಿಯುವಂತೆ ಮಾಡಿದೆವು. ಇನ್ನು ಸೋರಿದರೂ ಒಳಹೋಗುವುದು ನೈಟ್ರೋಜನ್ ಮಾತ್ರ.

ಮುಂದಿನ ಪ್ರಿಫಾರ್ಮ್‌ನ ಫೈಬರಿನಲ್ಲಿ 1383ರ ಗುಡ್ಡ 0.47ಕ್ಕೆ ಇಳಿಯಿತು, 1310 ಮತ್ತೆ 0.33ಕ್ಕೆ ಬಂತು. ಗೆರೆಯ ಮೇಲೆ ಇನ್ನೂ 0.2 ಉಳಿದಿತ್ತು, ಅಂದರೆ ನೂರು ಕೋಟಿಗೆ 3 ಪಾಲು. ಅದರ ಬಹುಪಾಲು ಹೊರಗಿನ ಆಧಾರ ಕೊಳವೆಯಿಂದ ಬಂದದ್ದು. ಕೊಳವೆಯನ್ನು ಕುಗ್ಗಿಸಿ ಕಡ್ಡಿ ಮಾಡುವಾಗಿನ ಬಿಸಿಗೆ ಅದರ ಹೈಡ್ರಾಕ್ಸಿಲ್ ತಿರುಳಿನ ಕಡೆಗೆ ಸರಿಯುತ್ತದೆ. ನಡುವೆ ಶುದ್ಧ ಹೊದಿಕೆಯ ಪದರ ದಪ್ಪವಾದಷ್ಟೂ ತಲುಪುವುದು ಕಡಿಮೆ, ಆದರೆ ಲೇತಿನ ಹೊತ್ತು ಅಷ್ಟೇ ಹೆಚ್ಚು. ನಾವು ಹೊದಿಕೆಯ ಪದರಗಳನ್ನು ಒಂದಿಷ್ಟು ಹೆಚ್ಚಿಸಿ ಅಲ್ಲಿಗೆ ನಿಲ್ಲಿಸಿದೆವು.